ಫ್ರೆಂಚ್ ಮಾತಿನಲ್ಲಿ ಪದಗಳು ಯಾವಾಗ ಕೂಡುತ್ತವೆ, ಯಾವಾಗ ಕೂಡಬಾರದು? ಬೀನ್ಸ್ ಸುತ್ತ ಹಬ್ಬಿದ ಒಂದು ವದಂತಿ ಮತ್ತು ಅದರ ಹಿಂದಿನ ನಿಜ

ಹೇಳಿಕೆ 1: "ಫ್ರೆಂಚ್‌ನಲ್ಲಿ ಪದದ ಕೊನೆಯ ವ್ಯಂಜನ ಕೇಳಿಸುವುದಿಲ್ಲ. ಆದರೆ ಮುಂದಿನ ಪದ ಸ್ವರದಿಂದ ಶುರುವಾದರೆ ಎರಡನ್ನೂ ಯಾವಾಗಲೂ ಕೂಡಿಸಿ ಹೇಳಬೇಕು."

ಹೇಳಿಕೆ 2: "ಈಗ ಫ್ರೆಂಚ್ ಅಕಾಡೆಮಿಯೇ ನಿಯಮ ಸಡಿಲಿಸಿದೆ. ‘ಲೇಜ಼ಾರಿಕೊ’ ಎಂದರೂ ನಡೆಯುತ್ತದೆ."

ಮೊದಲನೆಯದು ಅರ್ಧ ಸತ್ಯ. ಭಾಷೆ ಕಲಿಯುವವರ ಗುಂಪುಗಳಲ್ಲಿ ‘ಒಂದೇ ಸಾಲಿನ ಟಿಪ್ಸ್’ ಎಂದು ಓಡಾಡುವ ಬಗೆಯದು. ಎರಡನೆಯದು ಸುಳ್ಳು. ಅದು ಫ್ರಾನ್ಸಿನಲ್ಲೇ ಹುಟ್ಟಿ, ಅಲ್ಲಿನವರೇ ನಂಬಿಕೊಂಡು ಬಂದ ವದಂತಿ. ಎರಡನೆಯದು ಯಾಕೆ ಸುಳ್ಳು ಎಂದು ತಿಳಿದರೆ ಮೊದಲನೆಯದರಲ್ಲಿ ಉಳಿದ ಅರ್ಧ ಎಲ್ಲಿ ಹೋಯಿತು ಎಂಬುದೂ ತಿಳಿಯುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ನೋಡೋಣ.

ಓದುವ ಮುನ್ನ ಒಂದು ಮಾತು. ಫ್ರೆಂಚ್ ಪದಗಳನ್ನು ಇಲ್ಲಿ ಕಿವಿಗೆ ಕೇಳುವಂತೆ ಕನ್ನಡದಲ್ಲಿ ಬರೆದಿದ್ದೇವೆ. ಇದು ಅಂದಾಜು ಮಾತ್ರ. ಚುಕ್ಕಿ ಇರುವ ‘ಜ಼’ವನ್ನು ‘ಜ಼ೀರೋ’, ‘ಜ಼ೂ’ ಎನ್ನುವಾಗಿನ ಸದ್ದಿನಂತೆ ಓದಿಕೊಳ್ಳಿ.

ಲಿಯೇಜ಼ೋಂ ಎಂದರೇನು?

ಫ್ರೆಂಚ್‌ನಲ್ಲಿ ‘ಲೇ’ ಎಂಬುದು ಬಹುವಚನದ ಹಿಂದೆ ಬರುವ ಪುಟ್ಟ ಪದ. ಬರೆಯುವಾಗ ಅದರ ಕೊನೆಗೆ ಎಸ್ ಅಕ್ಷರ ಇರುತ್ತದೆ, ಹೇಳುವಾಗ ಇರುವುದಿಲ್ಲ. ‘ಅಮಿ’ ಎಂದರೆ ಗೆಳೆಯ. ಎರಡೂ ಜೊತೆಯಾದಾಗ ‘ಲೇ ಅಮಿ’ ಎನ್ನುವುದಿಲ್ಲ, ‘ಲೇಜ಼ಮಿ’ ಎನ್ನುತ್ತಾರೆ. ಮಲಗಿದ್ದ ಎಸ್ ಎದ್ದು ‘ಜ಼’ ಆಗಿ ಮುಂದಿನ ಪದದ ತಲೆಯ ಮೇಲೆ ಕೂರುತ್ತದೆ. ಇದಕ್ಕೆ ಲಿಯೇಜ಼ೋಂ ಎಂದು ಹೆಸರು. ಕಟ್ಟು, ಜೋಡಣೆ ಎಂದು ಅರ್ಥ.

ಏಳುವ ಸದ್ದು ಯಾವಾಗಲೂ ಬರೆದ ಅಕ್ಷರದಂತೆಯೇ ಇರುವುದಿಲ್ಲ. ಎಸ್ ಮತ್ತು ಎಕ್ಸ್ ಎರಡೂ ‘ಜ಼’ ಆಗುತ್ತವೆ. ಡಿ ಅಕ್ಷರ ‘ತ’ ಆಗುತ್ತದೆ. ‘ಗ್ರಾಂ’ (ದೊಡ್ಡ) ಪದದ ಕೊನೆಗೆ ಬರವಣಿಗೆಯಲ್ಲಿ ಡಿ ಇದ್ದರೂ, ಅದು ‘ಅಮಿ’ ಜೊತೆ ಸೇರಿದಾಗ ‘ಗ್ರಾಂತಮಿ’ ಎಂದೇ ಕೇಳಿಸುತ್ತದೆ.

ಶಾಲೆಯಲ್ಲಿ ಸಂಧಿ ಓದಿದವರಿಗೆ ಇದು ಆಗಮ ಸಂಧಿಯಂತೆ ಕಂಡೀತು. ಮನೆ ಮತ್ತು ಅನ್ನು ಸೇರಿ ‘ಮನೆಯನ್ನು’ ಆದ ಹಾಗೆ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ನಮ್ಮ ‘ಯ’ ಹೊರಗಿನಿಂದ ಹೊಸದಾಗಿ ಬಂದದ್ದು. ಮೊದಲ ಪದ ಯಾವ ಸ್ವರದಿಂದ ಮುಗಿಯುತ್ತದೆ ಎಂದು ನೋಡಿದರೆ ಬರುವುದು ‘ಯ’ವೋ ‘ವ’ವೋ ಎಂದು ಹೇಳಬಹುದು. ಫ್ರೆಂಚ್‌ನ ‘ಜ಼’, ‘ತ’, ‘ನ’ ಹಾಗೆ ಹೊರಗಿನಿಂದ ಬಂದವಲ್ಲ. ಅವು ಆ ಪದದ್ದೇ ಹಳೆಯ ಸದ್ದುಗಳು. ಸಾವಿರ ವರ್ಷದ ಹಿಂದೆ ಪದದ ಕೊನೆಯ ವ್ಯಂಜನಗಳನ್ನು ಫ್ರೆಂಚರು ಎಲ್ಲ ಕಡೆಯೂ ಉಚ್ಚರಿಸುತ್ತಿದ್ದರು. ಮುಂದೆ ಇನ್ನೊಂದು ವ್ಯಂಜನ ಬಂದಾಗ ಅವು ಮೊದಲು ಸವೆದವು. ಆಮೇಲೆ ಮಾತು ನಿಲ್ಲುವ ಜಾಗದಲ್ಲೂ ಹೆಚ್ಚಿನವು ಉದುರಿದವು. ಮುಂದೆ ಸ್ವರ ಇದ್ದ ಕಡೆ ಮಾತ್ರ ಉಳಿದುಕೊಂಡವು.

ಈ ಮೂರೂ ಹಂತಗಳನ್ನು ಇಂದಿಗೂ ಒಂದೇ ಪದದಲ್ಲಿ ಕೇಳಬಹುದು. ಆರು ಎಂಬ ಸಂಖ್ಯೆಯನ್ನು ಒಂಟಿಯಾಗಿ ಹೇಳಿದರೆ ‘ಸೀಸ್’. ಆರು ದಿನ ಎನ್ನುವಾಗ ಮುಂದೆ ವ್ಯಂಜನ ಬರುವುದರಿಂದ ಬರೀ ‘ಸಿ’. ಆರು ಗೆಳೆಯರು ಎಂದರೆ ‘ಸಿಜ಼ಮಿ’. ಬರೆಯುವಾಗ ಮೂರು ಕಡೆಯೂ ಒಂದೇ ಪದ.

ಲಿಯೇಜ಼ೋಂ ಎಂದು ತಪ್ಪು ತಿಳಿಯುವ ಇನ್ನೊಂದು ವಿಷಯವಿದೆ. ‘ಅವೆಕ್’ (ಜೊತೆಗೆ) ಎಂಬ ಪದದ ಕೊನೆಯ ‘ಕ್’ ಯಾವಾಗಲೂ ಕೇಳಿಸುತ್ತದೆ. ‘ಎಲ್’ (ಅವಳು) ಸೇರಿದಾಗ ‘ಅವೆಕೆಲ್’ ಎಂದು ಹರಿಯುತ್ತದೆ. ಮಲಗಿದ್ದದ್ದು ಇಲ್ಲಿ ಏನೂ ಎದ್ದಿಲ್ಲ, ಇದ್ದ ಸದ್ದೇ ಮುಂದೆ ಸರಿದಿದೆ. ಇದಕ್ಕೆ ಯಾವ ನಿಷೇಧವೂ ಇಲ್ಲ. ತಲೆಬಿಸಿ ಇರುವುದು ಮೌನ ಅಕ್ಷರಗಳದ್ದು ಮಾತ್ರ.

ಸ್ವರ ಇದ್ದರೆ ಸಾಲದು, ಪದಗಳ ನಂಟೂ ಬೇಕು

ಒಂದೇ ಸಾಲಿನ ಟಿಪ್ಸ್ ಬಿಟ್ಟುಬಿಡುವ ಅರ್ಧ ಇದು. ಮುಂದೆ ಸ್ವರ ಇರುವುದು ಮೊದಲ ಷರತ್ತು ಮಾತ್ರ. ಎರಡು ಪದಗಳು ವಾಕ್ಯದಲ್ಲಿ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿವೆ ಎಂಬುದು ಎರಡನೆಯ ಷರತ್ತು. ಅಮೆರಿಕದಲ್ಲಿ ಪಾಠ ಮಾಡುತ್ತಿದ್ದ ಧ್ವನಿವಿಜ್ಞಾನಿ ಪಿಯೆರ್ ದೆಲಾತ್ರ್ 1947ರಲ್ಲಿ ಬರೆದ ಲೇಖನವೊಂದರಲ್ಲಿ ಇಂಥ ಜಾಗಗಳನ್ನು ಕಡ್ಡಾಯ, ಐಚ್ಛಿಕ, ನಿಷಿದ್ಧ ಎಂದು ಮೂರಾಗಿ ವಿಂಗಡಿಸಿದರು. ಇಂದಿನ ಪಠ್ಯಪುಸ್ತಕಗಳು ಬಹುಮಟ್ಟಿಗೆ ಅದೇ ಜಾಡಿನಲ್ಲಿವೆ.

ನಿಯಮಗಳ ಪಟ್ಟಿ ಕೊಡುವ ಬದಲು ಒಂದು ವಾಕ್ಯವನ್ನೇ ಬಿಡಿಸಿ ನೋಡೋಣ. ‘ನನ್ನ ಇಂಗ್ಲಿಷ್ ಗೆಳೆಯರಿಗೆ ಒಂದು ಮಗುವಿದೆ, ಒಂದು ಹ್ಯಾಮ್‌ಸ್ಟರೂ ಇದೆ’ ಎಂಬುದನ್ನು ಫ್ರೆಂಚ್‌ನಲ್ಲಿ ಒಂಬತ್ತು ಪದಗಳಲ್ಲಿ ಹೇಳುತ್ತಾರೆ. ಪದ ಪದವಾಗಿ ಅದು ಹೀಗಿದೆ: ಮೇ, ಅಮಿ, ಆಂಗ್ಲೆ, ಓಂ, ಅಂ, ಆಂಫಾಂ, ಎ, ಅಂ, ಆಮ್ಸ್ತೆರ್. ಅಂದರೆ ನನ್ನ, ಗೆಳೆಯರು, ಇಂಗ್ಲಿಷ್, ಹೊಂದಿದ್ದಾರೆ, ಒಂದು, ಮಗು, ಮತ್ತು, ಒಂದು, ಹ್ಯಾಮ್‌ಸ್ಟರ್. ಒಂಬತ್ತು ಪದಗಳ ನಡುವೆ ಎಂಟು ಕೂಡುಜಾಗಗಳು. ಎಂಟರಲ್ಲೂ ಮೊದಲ ಪದದ ಕೊನೆಗೆ ಬರವಣಿಗೆಯಲ್ಲಿ ಒಂದು ವ್ಯಂಜನ ಇದೆ, ಎರಡನೆಯ ಪದ ಸ್ವರದ ಸದ್ದಿನಿಂದ ಶುರುವಾಗುತ್ತದೆ. ಟಿಪ್ಸ್ ನಂಬಿದರೆ ಎಂಟನ್ನೂ ಕೂಡಿಸಬೇಕು.

‘ಮೇ’ ಮತ್ತು ‘ಅಮಿ’ ಸೇರಿ ‘ಮೇಜ಼ಮಿ’. ಇದು ಕಡ್ಡಾಯ. ‘ನನ್ನ’, ‘ಒಂದು’, ‘ಈ’, ‘ಎರಡು’ ಮುಂತಾದ ಪುಟ್ಟ ಪದಗಳು ನಾಮಪದದ ಮುಂದೆ ಒಂಟಿಯಾಗಿ ನಿಲ್ಲಲಾರವು. ಬಾಲದಂತೆ ಅಂಟಿಕೊಂಡೇ ಇರುತ್ತವೆ. ‘ಅಂ’ ಮತ್ತು ‘ಆಂಫಾಂ’ ಸೇರಿ ‘ಅನಾಂಫಾಂ’ ಆಗುವುದೂ ಇದೇ ಕಾರಣಕ್ಕೆ, ಅದೂ ಕಡ್ಡಾಯ. ಕ್ರಿಯಾಪದದ ಮುಂದೆ ಬರುವ ನಾವು, ನೀವು, ಅವರು ಎಂಬ ಸರ್ವನಾಮಗಳೂ ಇದೇ ಗುಂಪಿನವು. ಇಲ್ಲಿ ಎಚ್ಚರ ಬೇಕು. ‘ಈಲ್ಜ಼ೋಂ’ ಎಂದರೆ ‘ಅವರ ಬಳಿ ಇದೆ’, ‘ಈಲ್ಸೋಂ’ ಎಂದರೆ ‘ಅವರು ಇದ್ದಾರೆ’. ನಡುವಿನ ವ್ಯತ್ಯಾಸ ಜ಼ ಮತ್ತು ಸ ಅಷ್ಟೇ.

ಮುಂದಿನದು ‘ಅಮಿ’ ಮತ್ತು ‘ಆಂಗ್ಲೆ’. ಬಹುವಚನದ ನಾಮಪದ, ಅದರ ಹಿಂದೆಯೇ ಗುಣವಾಚಕ. ಇದು ಐಚ್ಛಿಕ. ಭಾಷಣದಲ್ಲಿ ‘ಅಮಿಜ಼ಾಂಗ್ಲೆ’ ಎನ್ನಬಹುದು, ಕಾಫಿ ಕುಡಿಯುತ್ತ ‘ಅಮಿ ಆಂಗ್ಲೆ’ ಎನ್ನಬಹುದು. ‘ಓಂ’ ಮತ್ತು ‘ಅಂ’ ಕೂಡ ಹಾಗೆಯೇ. ಕ್ರಿಯಾಪದದ ನಂತರ ‘ತ’ ಎಬ್ಬಿಸಿದರೆ ಮಾತು ಸ್ವಲ್ಪ ಔಪಚಾರಿಕ ಆಗುತ್ತದೆ, ಎಬ್ಬಿಸದಿದ್ದರೆ ಯಾರೂ ಕೊರತೆ ಎನ್ನುವುದಿಲ್ಲ.

ಉಳಿದ ನಾಲ್ಕು ಕಡೆ ಕೂಡಿಸುವುದಿಲ್ಲ. ‘ಆಂಗ್ಲೆ’ ಎಂಬಲ್ಲಿಗೆ ಕರ್ತೃ ಮುಗಿದು ‘ಓಂ’ನಿಂದ ಕ್ರಿಯೆ ಶುರುವಾಗುತ್ತದೆ. ನಡುವೆ ಒಂದು ಸಣ್ಣ ಗೋಡೆ ಇದೆ ಎಂದುಕೊಳ್ಳಿ. ನಾಮಪದಗಳ ಕರ್ತೃ ಮತ್ತು ಕ್ರಿಯಾಪದದ ನಡುವೆ ಕೂಡಿಸಬೇಡಿ ಎಂದೇ ಪಠ್ಯಗಳು ಹೇಳುತ್ತವೆ. ‘ಆಂಫಾಂ’ ಏಕವಚನದ ನಾಮಪದ, ಅದರ ಕೊನೆಯ ಮೌನ ವ್ಯಂಜನ ಏಳುವುದಿಲ್ಲ. ‘ಎ’, ಅಂದರೆ ‘ಮತ್ತು’, ಬರೆಯುವಾಗ ಟಿ ಅಕ್ಷರದಿಂದ ಮುಗಿದರೂ ಅದರ ಟಿ ಎಂದೂ ಕೇಳಿಸುವುದಿಲ್ಲ. ಈ ನಿಯಮಕ್ಕೆ ಒಂದು ಅಪವಾದವೂ ಇಲ್ಲದಿರುವುದರಿಂದ ಮೊದಲು ಇದನ್ನೇ ಬಾಯಿಪಾಠ ಮಾಡುವುದು ಒಳ್ಳೆಯದು. ಹೊಸಬರು ಅತಿ ಹೆಚ್ಚು ಎಡವುವುದೂ ಇಲ್ಲೇ. ಕೊನೆಯದು ‘ಅಂ ಆಮ್ಸ್ತೆರ್’. ಇಲ್ಲಿ ‘ಅಂ’ ಅಂಟಿಕೊಳ್ಳುವ ಪದವೇ, ಮುಂದೆ ಸ್ವರವೂ ಇದೆ, ಆದರೂ ‘ಅನಾಮ್ಸ್ತೆರ್’ ತಪ್ಪು. ಅದಕ್ಕೆ ಕಾರಣ ಆ ಪದದ ಮೊದಲಲ್ಲಿರುವ ಎಚ್ ಅಕ್ಷರ. ಅದಕ್ಕೆ ಈಗ ಬರುತ್ತೇವೆ.

ಎಂಟರಲ್ಲಿ ಎರಡು ಕಡ್ಡಾಯ, ಎರಡು ಐಚ್ಛಿಕ, ನಾಲ್ಕು ಬೇಡ. ಎಲ್ಲ ಕಡೆ ಕೂಡಿಸುತ್ತ ಹೋದರೆ ಈ ಪುಟ್ಟ ವಾಕ್ಯದಲ್ಲೇ ನಾಲ್ಕು ತಪ್ಪು.

ಕೂಡಿಸಿದರೆ ಒಂದರ್ಥ, ಬಿಟ್ಟರೆ ಇನ್ನೊಂದು

ಪದಗಳ ನಂಟಿನ ಮಾತು ಬರೀ ಪುಸ್ತಕದ್ದಲ್ಲ ಎನ್ನಲು ಭಾಷಾವಿಜ್ಞಾನಿಗಳು ಕೊಡುವ ಹಳೆಯ ಉದಾಹರಣೆಯೊಂದಿದೆ. ‘ಸವಾಂ’ ಪದಕ್ಕೆ ‘ವಿದ್ವಾಂಸ’ ಎಂಬ ನಾಮಪದದ ಅರ್ಥವೂ ಇದೆ, ‘ಪಂಡಿತನಾದ’ ಎಂಬ ಗುಣವಾಚಕದ ಅರ್ಥವೂ ಇದೆ. ‘ಅವೆಗ್ಲ್’ ಪದವೂ ಹಾಗೆಯೇ, ‘ಕುರುಡ’ ಎಂದೂ ಆಗಬಹುದು, ‘ಕುರುಡಾದ’ ಎಂದೂ ಆಗಬಹುದು. ಬರೆದಾಗ ಎರಡು ಪದಗಳು ಅಕ್ಕಪಕ್ಕ ಒಂದೇ ರೀತಿ ಕಾಣುತ್ತವೆ.

ಹೇಳುವಾಗ ‘ಅಂ ಸವಾಂ ಅವೆಗ್ಲ್’ ಎಂದು ಬಿಡಿಸಿದರೆ ಸವಾಂ ಏಕವಚನದ ನಾಮಪದ ಎಂದರ್ಥ. ಅಂದರೆ ‘ಕುರುಡನಾದ ಒಬ್ಬ ವಿದ್ವಾಂಸ’. ‘ಅಂ ಸವಾಂತವೆಗ್ಲ್’ ಎಂದು ಕೂಡಿಸಿದರೆ ಸವಾಂ ಗುಣವಾಚಕವಾಗಿ ಮುಂದಿನ ನಾಮಪದಕ್ಕೆ ಅಂಟಿಕೊಂಡಿತು. ಅಂದರೆ ‘ಪಂಡಿತನಾದ ಒಬ್ಬ ಕುರುಡ’. ಕೇಳುಗ ಒಂದು ‘ತ’ಕಾರದಿಂದ ವ್ಯಾಕರಣವನ್ನೇ ಊಹಿಸಿಕೊಳ್ಳುತ್ತಾನೆ. ಗುಣವಾಚಕ ಮುಂದೆ ಬಂದು ಏಕವಚನದ ನಾಮಪದ ಹಿಂದೆ ಬಂದರೆ ಕೂಡಿಸಿ, ನಾಮಪದ ಮುಂದೆ ಬಂದರೆ ಬೇಡ ಎಂಬ ನಿಯಮ ಇಲ್ಲಿ ಕಣ್ಣಿಗೆ ಕಾಣುವಂತಿದೆ.

ನಿಯಮ ಮೀರಿ ಗಟ್ಟಿಯಾದ ನುಡಿಗಳೂ ಇವೆ. ‘ಹೇಗಿದ್ದೀರಿ’ ಎನ್ನುವ ‘ಕೊಮಾಂತಲೇವೂ’ ಅಂಥದ್ದು. ‘ಕೊಮಾಂ’ ಮುಂತಾದ ಪ್ರಶ್ನೆಪದಗಳ ನಂತರ ಸಾಮಾನ್ಯವಾಗಿ ಕೂಡಿಸುವುದಿಲ್ಲ, ಇಲ್ಲಿ ಮಾತ್ರ ಕೂಡಿಸಲೇಬೇಕು. ಇಂಥವನ್ನು ಇಡಿಯಾಗಿ ಒಂದು ಪದದಂತೆ ಕಲಿಯುವುದೇ ದಾರಿ.

ಇಲ್ಲದ ಎಚ್, ಇರುವ ಗೋಡೆ

ಈಗ ಬೀನ್ಸ್ ವಿಷಯ. ಫ್ರೆಂಚರು ಎಚ್ ಅಕ್ಷರವನ್ನು ಉಚ್ಚರಿಸುವುದೇ ಇಲ್ಲ. ಆದರೆ ಪದದ ಮೊದಲಲ್ಲಿ ಬರುವ ಎಚ್‌ಗಳಲ್ಲಿ ಎರಡು ಜಾತಿ. ಒಂದು ಪೂರ್ತಿ ಮೌನ, ಇದ್ದೂ ಇಲ್ಲದಂತೆ. ಲ್ಯಾಟಿನ್‌ನಿಂದ ಬಂದ ಹೆಚ್ಚಿನ ಪದಗಳದ್ದು ಈ ಜಾತಿ. ‘ಒಮ್’ ಎಂದರೆ ಗಂಡಸು, ‘ಲೇಜ಼ೊಮ್’ ಎಂದರೆ ಗಂಡಸರು. ಎಚ್ ಅಡ್ಡ ಬರಲಿಲ್ಲ. ಇನ್ನೊಂದರ ಹೆಸರು ‘ಉಸಿರಿನ ಎಚ್’. ಹೆಸರಿಗೆ ಉಸಿರು, ಸದ್ದು ಇದಕ್ಕೂ ಇಲ್ಲ. ಆದರೆ ಇದು ವ್ಯಂಜನದಂತೆ ಅಡ್ಡ ನಿಂತು ಲಿಯೇಜ಼ೋಂ ತಡೆಯುತ್ತದೆ. ಫ್ರಾಂಕರ ಜರ್ಮನಿಕ್ ಭಾಷೆಯಿಂದ ಬಂದ ಹಲವು ಪದಗಳಲ್ಲಿ ಒಂದು ಕಾಲದಲ್ಲಿ ‘ಹ’ ನಿಜವಾಗಿಯೂ ಕೇಳಿಸುತ್ತಿತ್ತು. ಸದ್ದು ಹೋಯಿತು, ಗೋಡೆ ಉಳಿಯಿತು. ಬೇರೆ ಮೂಲದ ಕೆಲವು ಪದಗಳೂ ಆಮೇಲೆ ಇದೇ ಸಾಲಿಗೆ ಸೇರಿಕೊಂಡವು.

ಬೀನ್ಸ್‌ಗೆ ಫ್ರೆಂಚ್‌ನಲ್ಲಿ ‘ಆರಿಕೊ’ ಎನ್ನುತ್ತಾರೆ. ಅದರ ಎಚ್ ಗೋಡೆಯ ಜಾತಿ. ಆದ್ದರಿಂದ ‘ಲೇ ಆರಿಕೊ’ ಸರಿ, ‘ಲೇಜ಼ಾರಿಕೊ’ ತಪ್ಪು. ಆದರೂ ಮಕ್ಕಳಿಂದ ಹಿಡಿದು ದೊಡ್ಡವರವರೆಗೆ ಅನೇಕ ಫ್ರೆಂಚರು ‘ಲೇಜ಼ಾರಿಕೊ’ ಎನ್ನುತ್ತಾರೆ. ಅಡುಗೆಮನೆಯ ಪದ, ದಿನವೂ ಬಾಯಲ್ಲಿ ಓಡಾಡುವಂಥದ್ದು, ಇದೇನು ಆಶ್ಚರ್ಯವಲ್ಲ.

ಈ ತಪ್ಪಿಗೆ ಅಕಾಡೆಮಿ ಒಪ್ಪಿಗೆ ಕೊಟ್ಟಿದೆ ಎಂಬುದು ವದಂತಿ. 1635ರಲ್ಲಿ ಸ್ಥಾಪನೆಯಾದ ಫ್ರೆಂಚ್ ಅಕಾಡೆಮಿ ಈ ಬಗ್ಗೆ ತನ್ನ ಜಾಲತಾಣದ ಪ್ರಶ್ನೋತ್ತರದಲ್ಲೇ ಸ್ಪಷ್ಟನೆ ನೀಡಿದೆ. ಆರಿಕೊ ಪದದ ಎಚ್ ಲಿಯೇಜ಼ೋಂ ಒಪ್ಪುವುದಿಲ್ಲ, ಒಪ್ಪುತ್ತದೆ ಎಂಬ ಸುದ್ದಿಯನ್ನು ಹಬ್ಬಿಸಿದ್ದು ಶಾಲೆಗಳಲ್ಲಿ ವ್ಯಾಪಕವಾಗಿ ಹಂಚಿಕೆಯಾಗುತ್ತಿದ್ದ ಒಂದು ಪತ್ರಿಕೆ, ಅದು ತಿದ್ದುಪಡಿಯನ್ನೂ ಪ್ರಕಟಿಸಲಿಲ್ಲ ಎಂಬುದು ಅಕಾಡೆಮಿಯ ಮಾತಿನ ಸಾರ. ಹಲವರು ಈ ವದಂತಿಗೆ 1990ರ ಕಾಗುಣಿತ ಸುಧಾರಣೆಯ ಹೆಸರನ್ನೂ ಅಂಟಿಸುತ್ತಾರೆ. ಆ ಸುಧಾರಣೆ ನಿಜವಾದದ್ದೇ. ಈರುಳ್ಳಿ ಎಂಬ ಪದದಿಂದ ಕೇಳಿಸದ ಒಂದು ಅಕ್ಷರ ತೆಗೆದು ಬರೆಯಬಹುದು ಎಂದು ಹೇಳಿದ್ದು ಅದೇ. ಆದರೆ ಬೀನ್ಸ್ ಉಚ್ಚಾರಣೆಗೆ ಅದರಲ್ಲಿ ಯಾವ ವಿನಾಯಿತಿಯೂ ಇಲ್ಲ. ನಿಜವಾದ ಈರುಳ್ಳಿಯ ಪಕ್ಕ ಸುಳ್ಳು ಬೀನ್ಸ್ ಇಟ್ಟರೆ ತಟ್ಟೆಯಲ್ಲಿ ಎರಡೂ ನಿಜದಂತೆಯೇ ಕಾಣುತ್ತವೆ. ಫಾರ್ವರ್ಡ್‌ಗಳ ಹಳೆಯ ಪಾಕವಿಧಾನ ಇದು.

ಹಾಗಾದರೆ ಎಚ್ ಯಾವ ಜಾತಿ ಎಂದು ಗೊತ್ತಾಗುವುದು ಹೇಗೆ? ಅಕ್ಷರ ನೋಡಿ ಹೇಳಲಾಗದು. ಆದರೆ ಏಕವಚನದಲ್ಲಿ ಸುಲಭದ ಪರೀಕ್ಷೆಯೊಂದಿದೆ. ಪುಲ್ಲಿಂಗದ ಏಕವಚನಕ್ಕೆ ‘ಲ’ ಎಂಬ ಪದ ಬರುತ್ತದೆ. ಸ್ವರದ ಮುಂದೆ ಅದು ತನ್ನ ಸ್ವರ ಕಳೆದುಕೊಂಡು ಅಂಟಿಕೊಳ್ಳುತ್ತದೆ. ಗಂಡಸು ‘ಲೊಮ್’ ಆಗುತ್ತಾನೆ, ಹಾಗಾಗಿ ಬಹುವಚನದಲ್ಲೂ ಕೂಡುತ್ತಾನೆ. ಬೀನ್ಸ್ ಮಾತ್ರ ‘ಲ ಆರಿಕೊ’ ಎಂದೇ ದೂರ ನಿಲ್ಲುತ್ತದೆ, ಬಹುವಚನದಲ್ಲೂ ದೂರವೇ. ಎಚ್ ಇಲ್ಲದ ಕೆಲವು ಪದಗಳಿಗೂ ಇದೇ ಪರೀಕ್ಷೆ ನಡೆಯುತ್ತದೆ. ಹನ್ನೊಂದು ಎಂಬ ‘ಓಂಜ಼್’ ಸ್ವರದಿಂದಲೇ ಶುರುವಾದರೂ ‘ಲ ಓಂಜ಼್’, ‘ಲೇ ಓಂಜ಼್’ ಎಂದು ಅಂತರ ಕಾಯ್ದುಕೊಳ್ಳುತ್ತದೆ. ಹಾಗಾಗಿ ಹೊಸ ಪದ ಕಲಿಯುವಾಗ ಪದವನ್ನು ಮಾತ್ರ ಬರೆದುಕೊಳ್ಳದೆ ಅದರ ಹಿಂದಿನ ‘ಲ’ ಜೊತೆಗೇ ಬರೆದುಕೊಳ್ಳಿ.

ಗೋಡೆ ಬಿದ್ದರೆ ಏನಾಗುತ್ತದೆ ಎನ್ನಲು ‘ಎರೊ’ ಪದ ಸಾಕು. ವೀರ ಎಂದು ಅರ್ಥ. ‘ಲೇ ಎರೊ’ ಎಂದರೆ ವೀರರು. ಕೂಡಿಸಿಬಿಟ್ಟರೆ ‘ಲೇಜ಼ೆರೊ’. ಅದು ‘ಸೊನ್ನೆಗಳು’ ಎಂದು ಕೇಳಿಸುತ್ತದೆ. ಇನ್ನೂ ತಮಾಷೆಯೆಂದರೆ ಅದೇ ಮೂಲದ ವೀರನಾರಿ, ‘ಎರೊಈನ್’, ಗೋಡೆ ಇಲ್ಲದ ಜಾತಿ. ಅವಳ ಬಹುವಚನ ‘ಲೇಜ಼ೆರೊಈನ್’ ಎಂದು ಸಲೀಸಾಗಿ ಕೂಡುತ್ತದೆ. ವೀರನಿಗೆ ಇರುವ ಗೋಡೆ ವೀರನಾರಿಗೆ ಇಲ್ಲ.

ಐಚ್ಛಿಕ ಎಂದರೆ ಇಷ್ಟ ಬಂದಂತೆ ಎಂದಲ್ಲ

ಮೂರು ಗುಂಪುಗಳಲ್ಲಿ ಐಚ್ಛಿಕ ಗುಂಪೇ ದೊಡ್ಡದು, ಮತ್ತು ನಮ್ಮ ಪ್ರಕಾರ ಅದೇ ಹೆಚ್ಚು ಕುತೂಹಲದ್ದು. ‘ನಾನು ಹೋಗಿದ್ದೆ’ ಎನ್ನಲು ‘ಸ್ವಿ’ ಮತ್ತು ‘ಅಲೇ’ ಪದಗಳು ಬರುತ್ತವೆ. ‘ಸ್ವಿಜ಼ಲೇ’ ಎನ್ನಬಹುದು, ‘ಸ್ವಿ ಅಲೇ’ ಎನ್ನಬಹುದು. ‘ಇನ್ನೂ ಇಲ್ಲ’ ಎಂಬುದು ‘ಪಾಜ಼ಾಂಕೋರ್’ ಆಗಬಹುದು, ‘ಪಾ ಆಂಕೋರ್’ ಆಗಬಹುದು. ಅರ್ಥ ಬದಲಾಗುವುದಿಲ್ಲ, ಆದರೆ ಮಾತಿನ ಉಡುಪು ಬದಲಾಗುತ್ತದೆ. ವೇದಿಕೆ, ವಾರ್ತೆ, ಗಟ್ಟಿಯಾಗಿ ಓದುವುದು, ಇಲ್ಲೆಲ್ಲ ಕೂಡಿಸುವುದು ಹೆಚ್ಚು. ಗೆಳೆಯರ ನಡುವೆ ಕಡಿಮೆ. ಕಾಫಿ ಅಂಗಡಿಯಲ್ಲಿ ಸಾಧ್ಯವಿರುವ ಕಡೆಯೆಲ್ಲ ಕೂಡಿಸುತ್ತ ಹೋದರೆ ತಪ್ಪೇನಲ್ಲ, ಆದರೆ ತರಕಾರಿ ಕೊಳ್ಳುವಾಗ ಹರಿಕಥೆಯ ಧಾಟಿಯಲ್ಲಿ ಚೌಕಾಸಿ ಮಾಡಿದಂತೆ ಇರುತ್ತದೆ.

1990ರ ದಶಕದ ಕೊನೆಯಲ್ಲಿ ಜಾಕ್ ದ್ಯುರಾಂ, ಬೆರ್ನಾರ್ ಲಾಕ್ಸ್, ಶಾಂತಾಲ್ ಲಿಶ್ ಎಂಬ ಸಂಶೋಧಕರು ಫ್ರೆಂಚ್ ಮಾತನಾಡುವ ಹಲವು ಪ್ರದೇಶಗಳ ಸಾಮಾನ್ಯ ಜನರ ಮಾತು ಮತ್ತು ಓದನ್ನು ದಾಖಲಿಸುವ ಯೋಜನೆ ಶುರುಮಾಡಿದರು. ಅದರಿಂದ ತಿಳಿದದ್ದೇನೆಂದರೆ, ಎಲ್ಲರೂ ಎಲ್ಲ ಸಲವೂ ಕೂಡಿಸುವ ಜಾಗಗಳ ಪಟ್ಟಿ ಪಠ್ಯಪುಸ್ತಕದ ‘ಕಡ್ಡಾಯ’ ಪಟ್ಟಿಗಿಂತ ಚಿಕ್ಕದು. ಪುಟ್ಟ ಪದ ಮತ್ತು ನಾಮಪದ, ಸರ್ವನಾಮ ಮತ್ತು ಕ್ರಿಯಾಪದ, ಇವು ಗಟ್ಟಿ. ಗುಣವಾಚಕ ಮತ್ತು ನಾಮಪದದ ನಡುವೆ ಕೆಲವರು ಕೆಲವೊಮ್ಮೆ ಬಿಟ್ಟೂ ಬಿಡುತ್ತಾರೆ. ಹೊಸದಾಗಿ ಕಲಿಯುವವರು ಇದರಿಂದ ತೆಗೆದುಕೊಳ್ಳಬಹುದಾದ ವಿಷಯ ಇಷ್ಟು: ಐಚ್ಛಿಕವನ್ನು ಬಿಟ್ಟರೆ ಯಾರೂ ತಿದ್ದುವುದಿಲ್ಲ, ನಿಷಿದ್ಧವನ್ನು ಕೂಡಿಸಿದರೆ ಕಿವಿ ತಟ್ಟನೆ ಗುರುತಿಸುತ್ತದೆ. ಅನುಮಾನ ಬಂದರೆ ಕೂಡಿಸಬೇಡಿ.

ಫ್ರೆಂಚರೂ ಎಡವುತ್ತಾರೆ

ಲಿಯೇಜ಼ೋಂ ತಪ್ಪುಗಳಿಗೆ ಫ್ರೆಂಚರು ಅಡ್ಡಹೆಸರುಗಳನ್ನೇ ಇಟ್ಟಿದ್ದಾರೆ. ಇಲ್ಲದ ‘ಜ಼’ ತುರುಕಿದರೆ ‘ವೆಲೂರ್’, ಅಂದರೆ ಮಖಮಲ್ಲು. ಇಲ್ಲದ ‘ತ’ ತುರುಕಿದರೆ ‘ಕ್ವೀರ್’, ಅಂದರೆ ಚರ್ಮ. 2002ರ ಜನವರಿ 1ರಂದು ಯೂರೋ ನೋಟುಗಳು ಕೈಗೆ ಬಂದ ಮೇಲೆ ಮಖಮಲ್ಲಿಗೆ ಹೊಸ ಅವಕಾಶ ಸಿಕ್ಕಿತು. ನೂರು ಎಂಬ ‘ಸಾಂ’ ಪದದ ಕೊನೆಗಿರುವುದು ಟಿ. ಆದ್ದರಿಂದ ನೂರು ಯೂರೋ ಎನ್ನುವಾಗ ನಡುವೆ ‘ತ’ ಬರಬೇಕು. ಆದರೆ ಬಹುವಚನ ಎಂದರೆ ‘ಜ಼’ ಎಂಬ ಅಭ್ಯಾಸಬಲದಿಂದ ಅನೇಕರು ‘ಜ಼’ ಸೇರಿಸುತ್ತಾರೆ. ಇನ್ನೂರು ಯೂರೋಗೆ ‘ಜ಼’ ಸರಿ, ಯಾಕೆಂದರೆ ಅಲ್ಲಿ ‘ಸಾಂ’ ಪದಕ್ಕೆ ಕೊನೆಯಲ್ಲಿ ಎಸ್ ಸೇರುತ್ತದೆ.

ಮಕ್ಕಳ ತಪ್ಪು ಬೇರೆ ಬಗೆಯದು. ಅವರು ಬರವಣಿಗೆ ನೋಡಿರುವುದಿಲ್ಲ, ಕೇಳಿದ್ದು ಮಾತ್ರ. ಕರಡಿಗೆ ‘ಊರ್ಸ್’. ಮಗು ಕೇಳುವುದು ‘ಅನೂರ್ಸ್’. ಅದನ್ನು ‘ಅಂ’ ಮತ್ತು ‘ನೂರ್ಸ್’ ಎಂದು ಕತ್ತರಿಸಿಕೊಂಡು ಕರಡಿಗೆ ‘ನೂರ್ಸ್’ ಎಂದೇ ಹೆಸರಿಡುತ್ತದೆ. ಶಾಲೆಗೆ ಹೋಗಿ ಓದಲು ಕಲಿಯುವ ಹೊತ್ತಿಗೆ ಇದು ತಾನಾಗಿ ಸರಿಹೋಗುತ್ತದೆ. ಒಂದೊಂದು ಕತ್ತರಿ ಮಾತ್ರ ಭಾಷೆಯಲ್ಲೇ ಉಳಿದಿದೆ. ಕಣ್ಣುಗಳಿಗೆ ‘ಯ’ ಸದ್ದಿನಿಂದ ಶುರುವಾಗುವ ಪದವಿದೆ, ಅದು ‘ಲೇ’ ಜೊತೆ ಸೇರಿ ‘ಲೇಜ಼್ಯ’ ಎಂಬಂತೆ ಕೇಳಿಸುತ್ತದೆ. ಆ ‘ಜ಼’ವನ್ನು ಪದದೊಳಕ್ಕೇ ಎಳೆದುಕೊಂಡು ‘ಕಣ್ಣರಳಿಸಿ ನೋಡು’ ಎಂಬ ಆಡುಮಾತಿನ ಕ್ರಿಯಾಪದವೊಂದು ಹುಟ್ಟಿತು. ಅದು ಈಗ ನಿಘಂಟಿನಲ್ಲಿದೆ.

ಕನ್ನಡಿಗರ ನಾಲಿಗೆಗೆ ಎರಡು ಮಾತು

ನಮ್ಮ ಮಾತಿನಲ್ಲಿ ‘ಎಷ್ಟು’ ಎಂಬುದು ‘ಯೆಷ್ಟು’ ಆಗುತ್ತದೆ, ‘ಒಂದು’ ಎಂಬುದು ‘ವಂದು’ ಆಗುತ್ತದೆ. ಇದು ಎಷ್ಟು ಸಹಜವೆಂದರೆ ನಮಗೇ ಕೇಳಿಸುವುದಿಲ್ಲ. ಫ್ರೆಂಚ್‌ಗೆ ಇದನ್ನು ಒಯ್ದರೆ ‘ಲೇ ಎರೊ’ ಹೋಗಿ ‘ಲೇ ಯೆರೊ’ ಆಗುತ್ತದೆ. ಗೋಡೆ ಇರುವ ಕಡೆ ನಡುವೆ ಏನನ್ನೂ ತುಂಬದೆ ಎರಡು ಸ್ವರಗಳನ್ನು ಅಕ್ಕಪಕ್ಕ ಬಿಡುವುದು ನಮ್ಮ ನಾಲಿಗೆಗೆ ಕಷ್ಟ, ಯಾಕೆಂದರೆ ಕನ್ನಡ ಆ ಖಾಲಿ ಜಾಗವನ್ನು ಸಹಿಸುವುದಿಲ್ಲ. ಇನ್ನೊಂದು, ಜ಼ ಮತ್ತು ಜ. ‘ಲೇಜ಼ಮಿ’ಯನ್ನು ‘ಲೇಜಮಿ’ ಎಂದರೆ ಅರ್ಥವಾದೀತು, ಆದರೆ ಫ್ರೆಂಚ್‌ನಲ್ಲಿ ನಮ್ಮ ‘ಜ’ಕ್ಕೆ ಹತ್ತಿರದ ಬೇರೆಯೇ ಸದ್ದೊಂದಿದೆ. ಕೇಳುವವರು ಅದನ್ನೇ ಕೇಳಿಸಿಕೊಳ್ಳುತ್ತಾರೆ. ಮೊಬೈಲ್‌ನಲ್ಲಿ ನಿಮ್ಮದೇ ಮಾತು ರೆಕಾರ್ಡ್ ಮಾಡಿ ‘ಲೇಜ಼ೊಮ್’, ‘ಲೇ ಎರೊ’, ‘ಲೇ ಆರಿಕೊ’ ಮೂರನ್ನೂ ಸಾಲಾಗಿ ಹೇಳಿ ಕೇಳಿ ನೋಡಿ. ಮೊದಲನೆಯದರಲ್ಲಿ ಜೇನಿನ ಗುಂಯ್‌ನಂಥ ‘ಜ಼’ ಇರಬೇಕು, ಉಳಿದೆರಡರಲ್ಲಿ ನಡುವೆ ಏನೂ ಇರಬಾರದು.